ಇಪ್ಪತ್ತು ಸೆಕೆಂಡಿಗೊಂದು ಚುಕ್ಕೆ, ನಡುವೆ ಹರ್ಮೀಟ್

ನಲವತ್ತು ಶಾಲಾ ಬಸ್ಸುಗಳ ಜಿಪಿಎಸ್ ಪೆಟ್ಟಿಗೆಗಳು 5 ಸೆಕೆಂಡಿಗೊಮ್ಮೆ ಸ್ಥಾನ, ವೇಗ ಎರಡನ್ನೂ ಕಳಿಸುತ್ತಿದ್ದವು. ಡೇಟಾ, ಸರ್ವರ್ ಸೇರಿ ತಿಂಗಳಿಗೆ ಏಳು ಸಾವಿರದ ಹತ್ತಿರ ಬೀಳುತ್ತಿತ್ತು. 20 ಸೆಕೆಂಡಿಗೊಮ್ಮೆ ಕಳಿಸುವಂತೆ ಮಾಡಿ, ನಡುವಿನದನ್ನು ಎರಡೂ ತುದಿಯ ಸ್ಥಾನ, ವೇಗಕ್ಕೆ ಹೊಂದುವ ಹರ್ಮೀಟ್ ಘನ ಬಹುಪದದಲ್ಲಿ ತುಂಬೋಣ ಅಂದೆ. "ಇರೋ ಚುಕ್ಕೆ ಬಿಟ್ಟು ಇಲ್ಲದ್ದನ್ನ ಹುಟ್ಟಿಸ್ತೀಯೇನೋ?" ಅಂತ ಜೊತೆಯವನು ನಕ್ಕ. ಈಗ ಬಿಲ್ಲು ಎರಡೂವರೆ ಸಾವಿರ ದಾಟುವುದಿಲ್ಲ. ನಗು ನಿಂತಿದೆ.

ನಾಲ್ಕು ಬಹುಪದಗಳು ನಿಮಗೆ ಗೊತ್ತಿರುವವೇ:

```python
def hermite(p0, v0, p1, v1, T, s):   # s = 0..1
    s2, s3 = s*s, s*s*s
    return ((2*s3 - 3*s2 + 1)*p0 + (s3 - 2*s2 + s)*T*v0
          + (-2*s3 + 3*s2)*p1 + (s3 - s2)*T*v1)
```

ಎರಡು ಚುಕ್ಕೆಗಳ ನಡುವಿನ ಸೆಕೆಂಡು, ಆ `T` ಇದೆಯಲ್ಲ, ಅದೇ ನನ್ನ ಎರಡು ವಾರ ತಿಂದಿತು. ಮೊದಲ ಸಲ ಅದನ್ನು ಗುಣಿಸಲು ಮರೆತಿದ್ದೆ. ಬಸ್ಸು ಪ್ರತಿ ಚುಕ್ಕೆಯಲ್ಲೂ ನಿಂತಂತಾಗಿ, ಮತ್ತೆ ಧಾವಿಸಿ, ಮತ್ತೆ ನಿಲ್ಲುತ್ತಿತ್ತು. ಒಂದು ಬಸ್ಸಿನ ಲೆಕ್ಕ ಕೈಯಲ್ಲೇ ಮಾಡಿದೆ. ಶುರುವಿನಲ್ಲಿ ಸೆಕೆಂಡಿಗೆ 15 ಮೀಟರ್ ವೇಗ, 20 ಸೆಕೆಂಡ್ ಕಳೆದಾಗ 200 ಮೀಟರ್ ದೂರದಲ್ಲಿ 5 ಮೀಟರ್ ವೇಗ. ಸಮನಾಗಿ ಬ್ರೇಕ್ ಹಿಡಿದ ಬಸ್ಸು 10ನೇ ಸೆಕೆಂಡಿಗೆ 125 ಮೀಟರಿನಲ್ಲಿ ಇರಬೇಕು. ನನ್ನದು 101.25 ತೋರಿಸಿತು. `T` ಹಾಕಿದ ಮೇಲೆ ಸರಿಯಾಗಿ 125. ಸರಳರೇಖೆ ಎಳೆದಿದ್ದರೂ 100 ಬರುತ್ತಿತ್ತು, ಅಂದರೆ ಅಷ್ಟು ದಿನ ಹರ್ಮೀಟ್ ಹೆಸರಿನಲ್ಲಿ ನಡುವಿನಲ್ಲಿ ನನಗೆ ಸಿಕ್ಕಿದ್ದು ಹೆಚ್ಚುಕಡಿಮೆ ಗೆರೆಯ ಉತ್ತರವೇ. ಅದರ ಮೇಲೆ, ಪೆಟ್ಟಿಗೆ ಸ್ಥಾನ, ವೇಗ ಬರೆದು ಕಳಿಸುವ `RMC` ಸಾಲಿನಲ್ಲಿ ವೇಗ ನಾಟ್‌ನಲ್ಲಿರುತ್ತದೆ. 0.5144ರಿಂದ ಗುಣಿಸುವ ಬದಲು ಗಂಟೆಗೆ ಕಿಲೋಮೀಟರ್ ಅಂದುಕೊಂಡು 3.6ರಿಂದ ಭಾಗಿಸಿದ್ದೆ.

ಆಮೇಲೆ ಬಸ್ ಮಾಲೀಕರ ಫೋನು: "ಸಾರ್, ನಮ್ಮ ಡ್ರೈವರ್ ಸಿಗ್ನಲ್ಲಲ್ಲಿ ರಿವರ್ಸ್ ಹೊಡೀತಿದಾನಾ?" ನೋಡಿದರೆ ಎರಡು ತುದಿಯಲ್ಲೂ ವೇಗ 15, ನಡುವೆ ಸಿಗ್ನಲ್ಲಿಗೆ ನಿಂತದ್ದರಿಂದ ಸಾಗಿದ್ದು ಬರೀ 60 ಮೀಟರ್. ಸರಾಸರಿ 3. ಘನಕ್ಕೆ ಬೇರೆ ದಾರಿಯೇ ಇಲ್ಲ, ನಡುವಿನಲ್ಲಿ ಅದರ ವೇಗ ಸೆಕೆಂಡಿಗೆ ಮೈನಸ್ 3 ಮೀಟರ್. ತುದಿಯ ವೇಗ ಸರಾಸರಿಯ ಮೂರು ಪಟ್ಟು ಮೀರದಂತೆ, ಇಲ್ಲಿ 9ಕ್ಕೆ, ಕತ್ತರಿಸಿದೆ. ನಡುವಿನ ವೇಗ ಸರಿಯಾಗಿ ಸೊನ್ನೆಗೆ ಬಂತು, ಬಸ್ಸು ಸಿಗ್ನಲ್ಲಲ್ಲಿ ನಿಂತಂತೆಯೇ ಕಂಡಿತು! ಆದರೆ ಒಂದು ಕಡೆ ಕತ್ತರಿಸಿದರೆ ಪಕ್ಕದ ತುಂಡಿನ ಅದೇ ತುದಿಯಲ್ಲೂ ಅದೇ ಬೆಲೆ ಇಡಬೇಕು, ಇಲ್ಲದಿದ್ದರೆ ಕೂಡಿಸಿದ ಜಾಗದಲ್ಲಿ ವೇಗ ಜಿಗಿಯುತ್ತದೆ.

ಆಸೆಗೆ 40 ಸೆಕೆಂಡೂ ಮಾಡಿ ನೋಡಿದೆ. ನೇರ ರಸ್ತೆಯಲ್ಲಿ ಪರವಾಗಿಲ್ಲ, ಊರೊಳಗಿನ ತಿರುವಿನಲ್ಲಿ ಬಸ್ಸು ಯಾರದೋ ಮನೆಯ ಮೇಲೆ ಹಾಯ್ದುಹೋಯಿತು. ಅವಧಿ ಇಮ್ಮಡಿಯಾದರೆ ದೋಷ ಸುಮಾರು ಹದಿನಾರು ಪಟ್ಟು, ಅದೂ ಚಲನೆ ನಯವಾಗಿದ್ದಾಗ ಮಾತ್ರ. 20ಕ್ಕೇ ವಾಪಸ್ ಬಂದೆ. ಮುಂದಿನ ಚುಕ್ಕೆ ಬರುವ ತನಕ ಕಾಯಬೇಕಾದ್ದರಿಂದ ನಕ್ಷೆ 20 ಸೆಕೆಂಡ್ ಹಿಂದೆ ಓಡುತ್ತದೆ. ಪೋಷಕರಿಗೆ ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

ನಿಂತ ಬಸ್ಸಿನ ದಿಕ್ಕು ಸುಮ್ಮನೆ ಗಿರಗಿರ ತಿರುಗುತ್ತದಲ್ಲ, ಅದಕ್ಕೆ ಏನು ಮಾಡಿದೆ ಅಂತ ಮಾತ್ರ ಕೇಳಬೇಡಿ. ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.