ಖಾಯಂ ಗಿರಾಕಿಗೆ ರಿಯಾಯಿತಿ: ಗಲ್ಲಾ ಖಾಲಿಯಾಗದ ಹಾಗೆ ಮಾಡುವುದು ಹೇಗೆ?

ಸಿಂಧನೂರಿನಲ್ಲಿ ನಾನು ಲೆಕ್ಕ ಬರೆಯುವ ಒಂದು ಕಿರಾಣಿ ಅಂಗಡಿಯವರು ಒಂದು ದೀಪಾವಳಿಗೆ ಬಾಗಿಲ ಮೇಲೆ ಬೋರ್ಡ್ ತೂಗುಹಾಕಿದರು: ‘ಪ್ರತಿ 1,000 ರೂಪಾಯಿ ಖರೀದಿಗೆ 50 ರೂಪಾಯಿ ಕಡಿತ’. ಮೊದಲೆರಡು ದಿನ ಓಣಿಯ ಮನೆಮಂದಿ ಬಂದರು. ಮೂರನೇ ದಿನದಿಂದ ಮಿರ್ಚಿ ಗಾಡಿಯವರು, ಖಾನಾವಳಿಯವರು ಬಂದು ಎಣ್ಣೆ ಡಬ್ಬಿ ಒಯ್ಯತೊಡಗಿದರು. ಆಗ 15 ಕಿಲೋ ಡಬ್ಬಿಗೆ 2,100 ರೂಪಾಯಿ. ಅದರಲ್ಲಿ ಅಂಗಡಿಗೆ ಉಳಿಯುತ್ತಿದ್ದುದು 63, ಬೋರ್ಡಿನ ಪ್ರಕಾರ ಬಿಡಬೇಕಾದದ್ದು 100. ಅಂದರೆ ಒಂದೊಂದು ಡಬ್ಬಿಗೂ ಕೈಯಿಂದ 37 ರೂಪಾಯಿ. ಹಬ್ಬ ಮುಗಿಯುವಷ್ಟರಲ್ಲಿ ವ್ಯಾಪಾರ ಭರ್ತಿ, ಲೆಕ್ಕ ಹಾಕಿ ನೋಡಿದರೆ ಲಾಭ ಇಲ್ಲ.

ಹಾಗಾಗಿ ಖರೀದಿಗೆ ತಕ್ಕಂತೆ ಪಾಯಿಂಟ್ ಕೂಡಿಸಿ ಆಮೇಲೆ ಕಡಿತ ಕೊಡುವ ಯೋಜನೆಗೆಂದು ಕಾರ್ಡ್ ಮುದ್ರಿಸಲು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುವ ಮೊದಲು ಒಂದು ಸಂಜೆ ಹಳೆಯ ಖರೀದಿ ಬಿಲ್ಲುಗಳನ್ನು ಹರವಿಕೊಂಡು ಕೂತುಕೊಳ್ಳಿ.

ಮೊದಲು ಮಾಲನ್ನು ಬೇರೆ ಮಾಡಿ

ತಿಂಗಳಿಗೆ 4 ಲಕ್ಷ ವ್ಯಾಪಾರವಿರುವ ಒಂದು ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರಲ್ಲಿ ಅರ್ಧ, ಅಂದರೆ 2 ಲಕ್ಷ, ಎಣ್ಣೆ, ಸಕ್ಕರೆ, ಹಿಟ್ಟು, ಅಕ್ಕಿಯದು. ಇವುಗಳ ದರ ಎಲ್ಲರಿಗೂ ಬಾಯಿಪಾಠ, ಪಕ್ಕದಂಗಡಿಗಿಂತ ಎರಡು ರೂಪಾಯಿ ಜಾಸ್ತಿ ಹೇಳಿದರೆ ಗಿರಾಕಿ ತಿರುಗಿ ನಡೆಯುತ್ತಾನೆ. ಇಲ್ಲಿ ನೂರಕ್ಕೆ 3 ಉಳಿದರೆ 6,000 ರೂಪಾಯಿ. ಸಾಬೂನು, ಚಹಾಪುಡಿ, ಬಿಸ್ಕೀಟಿನಂಥ ಪ್ಯಾಕೆಟ್ ಮಾಲು 1.20 ಲಕ್ಷದ್ದು, ನೂರಕ್ಕೆ 10ರಂತೆ 12,000. ಬೇಳೆ, ಶೇಂಗಾ, ಒಣಮೆಣಸಿನಕಾಯಿ, ಕೊಬ್ಬರಿಯಂಥ ಬಿಡಿ ಮಾಲು 80 ಸಾವಿರದ್ದು. ನೂರಕ್ಕೆ 15ರಂತೆ ಇದೂ 12,000. ಒಟ್ಟು 30 ಸಾವಿರ. ಬಾಡಿಗೆ, ಕರೆಂಟು, ಹುಡುಗನ ಪಗಾರ ಸೇರಿ 14 ಸಾವಿರ ಹೋದರೆ ಮನೆಗೆ ಬರುವುದು 16 ಸಾವಿರ.

ಈಗ ‘ಎಲ್ಲದಕ್ಕೂ 5 ಪರ್ಸೆಂಟ್’ ಎಂದರೆ 4 ಲಕ್ಷಕ್ಕೆ 20 ಸಾವಿರ. ಮನೆಗೆ ಬರುತ್ತಿದ್ದ 16 ಸಾವಿರವೂ ಹೋಗಿ, ಮೇಲೆ 4 ಸಾವಿರ ನಾವೇ ಹಾಕಬೇಕು. ನಿಮ್ಮ ಅಂಗಡಿಯ ಅಂಕಿಗಳು ಬೇರೆ ಇರಬಹುದು, ಆದರೆ ಈ ಮೂರು ಗುಂಪುಗಳು ಎಲ್ಲ ಕಿರಾಣಿ ಅಂಗಡಿಯಲ್ಲೂ ಇರುತ್ತವೆ. ಪಾಯಿಂಟ್ ಕೊಡಬೇಕಾದದ್ದು ಎರಡನೇ ಮತ್ತು ಮೂರನೇ ಗುಂಪಿಗೆ ಮಾತ್ರ. ಎಣ್ಣೆ, ಸಕ್ಕರೆ, ಹಿಟ್ಟು, ಅಕ್ಕಿಗೆ ಪಾಯಿಂಟ್ ಇಲ್ಲ ಎಂದು ಬೋರ್ಡಿನ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಸಿ. ಗಲ್ಲಾದ ಮುಂದೆ ನಿಂತವರಿಗೆ ಆಮೇಲೆ ಹೇಳಹೋದರೆ ಜಗಳವಾಗುತ್ತದೆ.

50 ರೂಪಾಯಿಗೆ ಒಂದು ಪಾಯಿಂಟ್

ದರ ಸರಳವಾಗಿರಲಿ. ಗುರುತು ಹಾಕಿದ ಮಾಲಿನಲ್ಲಿ 50 ರೂಪಾಯಿಗೆ 1 ಪಾಯಿಂಟ್, ಒಂದು ಪಾಯಿಂಟಿಗೆ ಒಂದು ರೂಪಾಯಿ. ನೂರಕ್ಕೆ ಎರಡು ಬಿದ್ದಂತಾಯಿತು.

ಒಂದು ಮನೆಯ ತಿಂಗಳ ಚೀಟಿ ನೋಡಿ. ಎಣ್ಣೆ 840, ಸಕ್ಕರೆ 225, ಗೋಧಿ ಹಿಟ್ಟು 435. ಇವಕ್ಕೆ ಗುರುತಿಲ್ಲ. ಗದ್ದೆ ಇರುವ ಮನೆಯಾದ್ದರಿಂದ ಅಕ್ಕಿ ಚೀಟಿಯಲ್ಲೇ ಇಲ್ಲ. ತೊಗರಿಬೇಳೆ 520, ಶೇಂಗಾ 260, ಚಹಾಪುಡಿ 240, ಸಾಬೂನು ಮತ್ತು ಬಟ್ಟೆ ಪುಡಿ 330, ಒಣಮೆಣಸಿನಕಾಯಿ 150. ಈ ಐದರ ಮುಂದೆ ಪೆನ್ನಿನಿಂದ ಒಂದೊಂದು ಚುಕ್ಕಿ. ಒಟ್ಟು 3,000ದ ಚೀಟಿ, ಚುಕ್ಕಿ ಬಿದ್ದದ್ದು 1,500ಕ್ಕೆ, ಪಾಯಿಂಟ್ 30. ಇಷ್ಟಕ್ಕೆ ಕಂಪ್ಯೂಟರ್ ಬೇಕಿಲ್ಲ.

ನೂರು ಪಾಯಿಂಟ್ ತುಂಬಿದ ಮೇಲೆ ನೂರು ರೂಪಾಯಿ ಕಡಿತ, ಅದೂ ಬಿಡಿ ಮಾಲಿನ ಮೇಲೆ. ಗಿರಾಕಿಗೆ ಪೂರ್ತಿ ನೂರು ರೂಪಾಯಿಯ ಬೇಳೆ ಸಿಗುತ್ತದೆ, ನಿಮ್ಮ ಕೈಯಿಂದ ಹೋಗುವುದು ಅದರ ಖರೀದಿ ದರ 85. ಕಡಿತವನ್ನು ಅದೇ ಬಿಲ್ಲಿನಲ್ಲಿ ತೋರಿಸಿ. ಜಿಎಸ್‌ಟಿ ಕಟ್ಟುವ ಅಂಗಡಿಯಾದರೆ, ಬಿಲ್ಲಿನಲ್ಲಿ ಕಾಣಿಸಿದ ರಿಯಾಯಿತಿ ಕಳೆದು ಉಳಿದ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಅದರ ಬದಲು ಸ್ಟೀಲ್ ಡಬ್ಬಿಯನ್ನೋ ಬಕೆಟ್ಟನ್ನೋ ಉಡುಗೊರೆ ಕೊಟ್ಟರೆ, ಆ ಡಬ್ಬಿ ಕೊಳ್ಳುವಾಗ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ.

ಉದ್ರಿ ಗಿರಾಕಿಯ ಪ್ರಶ್ನೆ

ನಮ್ಮ ಕಡೆ ಖಾಯಂ ಗಿರಾಕಿ ಎಂದರೆ ಬಹಳಷ್ಟು ಸಲ ಉದ್ರಿ ಗಿರಾಕಿ. ಬೇರೆ ಊರಿನ ಯೋಜನೆಯನ್ನು ಇಲ್ಲಿಗೆ ತಂದವರು ಎಡವುವುದು ಇಲ್ಲೇ. ಮಾಲು ಒಯ್ದ ದಿನವೇ ಪಾಯಿಂಟ್ ಬರೆದರೆ, ಬಾರದ ದುಡ್ಡಿಗೆ ರಿಯಾಯಿತಿ ಕೊಟ್ಟಂತೆ. ಎಂಟು ಸಾವಿರ ಬಾಕಿ ಇಟ್ಟುಕೊಂಡವರು ‘ನಮ್ಮ ನೂರು ಪಾಯಿಂಟ್ ಕೊಡ್ರಿ’ ಎಂದು ಬಂದು ನಿಂತರೆ ಇಲ್ಲವೆನ್ನಲು ನಿಮ್ಮಲ್ಲಿ ಕಾರಣ ಇರುವುದಿಲ್ಲ.

ನಾನು ಮಾಡಿಸಿದ ವ್ಯವಸ್ಥೆ ಇದು. ಖಾತೆ ಪುಸ್ತಕದಲ್ಲಿ ‘ಒಯ್ದ ಮಾಲು’, ‘ಬಂದ ದುಡ್ಡು’ ಎಂಬ ಎರಡು ಸಾಲು ಇದ್ದೇ ಇರುತ್ತವೆ. ಮೂರನೆಯದಾಗಿ ಪಾಯಿಂಟಿನ ಸಾಲು ಎಳೆದು, ಅದನ್ನು ‘ಬಂದ ದುಡ್ಡಿ’ನ ಬಗಲಿಗೇ ಇಡಿ. ಒಂದು ಚೀಟಿಯ ದುಡ್ಡು ಪೂರ್ತಿ ಬಂದ ದಿನ ಆ ಚೀಟಿಯ ಚುಕ್ಕಿಗಳನ್ನು ಕೂಡಿ ಪಾಯಿಂಟ್ ಬರೆಯಬೇಕು. 3,000ದಲ್ಲಿ 2,000 ಕೊಟ್ಟರೆ ಇನ್ನೂ ಸೊನ್ನೆ. ಅರ್ಧ ದುಡ್ಡಿಗೆ ಅರ್ಧ ಪಾಯಿಂಟ್ ಎಂದು ಹೊರಟರೆ ಯಾವ ಮಾಲಿನ ದುಡ್ಡು ಬಂತು ಎಂಬ ಲೆಕ್ಕ ಎಂದೂ ಹೊಂದುವುದಿಲ್ಲ. ಇದರಿಂದ ಇನ್ನೊಂದು ಅನುಕೂಲವೂ ಆಯಿತು: ಮೂವತ್ತು ಪಾಯಿಂಟಿಗಾಗಿ ಇನ್ನೂರು, ಮುನ್ನೂರು ರೂಪಾಯಿಯ ಬಾಲ ಬಿಡದೆ ಚೀಟಿ ಚುಕ್ತಾ ಮಾಡುವವರು ಹೆಚ್ಚಾದರು. ದೊಡ್ಡ ಬಾಕಿದಾರರ ಮೇಲೆ ಮಾತ್ರ ಇದು ನಡೆಯಲಿಲ್ಲ, ನಡೆಯುವುದೂ ಇಲ್ಲ.

ಅವಧಿಯ ವಿಷಯದಲ್ಲಿ ನಗರದ ಮಾಲ್‌ಗಳ ಹಾಗೆ ‘90 ದಿನದಲ್ಲಿ ರದ್ದು’ ಎಂದು ಹಾಕಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ದುಡ್ಡು ಓಡಾಡುವುದು ಭತ್ತದ ಸುಗ್ಗಿಯಲ್ಲಿ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಸುಗ್ಗಿಯೂ ಒಂದೇ. ಸೆಪ್ಟೆಂಬರಿನಲ್ಲಿ ರದ್ದಾಗುವ ಪಾಯಿಂಟ್ ಎಂದರೆ ರೈತನ ಕೈ ಖಾಲಿ ಇರುವಾಗ ಕಿತ್ತುಕೊಂಡಂತೆ. ಒಂದು ವರ್ಷದ ಅವಧಿ ಕೊಟ್ಟು, ಕೊನೆಯ ದಿನವನ್ನು ಜನವರಿ ತಿಂಗಳಾಂತ್ಯಕ್ಕೆ ಇಡಿ. ಮುಂಗಾರಿನ ಭತ್ತ ಮಾರಿ, ಸಂಕ್ರಾಂತಿ ಮುಗಿಸಿ ಬಂದವರು ಬಾಕಿಯನ್ನೂ ತೀರಿಸುತ್ತಾರೆ, ಪಾಯಿಂಟನ್ನೂ ಬಳಸುತ್ತಾರೆ.

ಹೊಸ ಮನೆ ಕರೆತಂದವರಿಗೆ

ಮೇಲಿನ ಉದಾಹರಣೆಯ ಅಂಗಡಿಯ ಅರ್ಧ ವ್ಯಾಪಾರ ಯೋಜನೆಗೆ ಸೇರಿದ ಮನೆಗಳದು ಎನ್ನಿ, ಮನೆಗೆ 3,000ದಂತೆ 66 ಮನೆಯಷ್ಟಾಯಿತು. ತಿಂಗಳಿಗೆ ಸುಮಾರು 2,000 ಪಾಯಿಂಟ್, ಖರೀದಿ ದರದಲ್ಲಿ 1,700 ರೂಪಾಯಿ. ಇಷ್ಟನ್ನು ಮರಳಿ ದುಡಿಯಲು ಎಷ್ಟು ಹೊಸ ಮನೆ ಬೇಕು? 3,000 ಖರೀದಿಸುವ ಒಂದು ಮನೆಯಿಂದ ಸರಾಸರಿ 225 ರೂಪಾಯಿ ಉಳಿಯುತ್ತದೆ. ಅವರಿಗೂ ಪಾಯಿಂಟ್ ಕೊಡಬೇಕಲ್ಲ, ಅದರ ಖರ್ಚು ಕಳೆದರೆ 200ರ ಹತ್ತಿರ. ಅಂದರೆ ಒಂಬತ್ತು ಹೊಸ ಮನೆ. ಹಳಬರಿಗೆ ಬಿಟ್ಟುಕೊಟ್ಟದ್ದು ಹಿಂದೆ ಬರುವುದು ಈ ಹೊಸ ಮನೆಗಳಿಂದ. ಹೀಗಾಗಿ ಪಾಯಿಂಟನ್ನೂ ‘ಕರೆತಂದವರಿಗೆ ರಿಯಾಯಿತಿ’ಯನ್ನೂ ಜೊತೆಗೇ ಶುರು ಮಾಡಬೇಕು.

ಕರೆತಂದವರಿಗೆ 50 ಪಾಯಿಂಟ್, ಹೊಸಬರಿಗೆ 25. ಎರಡೂ ಸೇರಿ ಆ ಮನೆಯ ಮೊದಲ ತಿಂಗಳ ಉಳಿಕೆಯ ಮೂರನೇ ಒಂದು ಭಾಗ. ಆದರೆ ಮೊದಲ ದಿನವೇ ಕೊಡಬೇಡಿ. ಅಕ್ಕ-ತಂಗಿ ಒಂದೇ ಸಾಬೂನು ಕೊಂಡು ಇಬ್ಬರೂ ಪಾಯಿಂಟ್ ಹೊಡೆದ ಪ್ರಸಂಗ ನಾನು ಕಂಡಿದ್ದೇನೆ. ಹೊಸ ಮನೆ ಮೂರು ಸಲ ಬಂದು, ಒಟ್ಟು 2,000 ರೂಪಾಯಿ ಸಂದಾಯವಾದ ಮೇಲೆ ಇಬ್ಬರ ಖಾತೆಗೂ ಒಂದೇ ದಿನ ಬರೆಯಿರಿ.

ಹೆಸರು ಕೇಳುವುದು ಮಾತ್ರ ಮೊದಲ ದಿನ, ಮೊದಲ ಬಿಲ್ಲಿಗಿಂತ ಮುಂಚೆ.

“ಅಕ್ಕಾರ, ನಮ್ಮ ಅಂಗಡಿ ನಿಮಗ ಯಾರ್ ಹೇಳಿದ್ರು?”

“ನಮ್ಮ ಬಾಜೂಮನಿ ಅಕ್ಕಾರ ಹೇಳಿದ್ರು ನೋಡ್ರಿ.”

ತಕ್ಷಣ ಹೊಸ ಖಾತೆಯ ನೆತ್ತಿಯ ಮೇಲೆ ಆ ಅಕ್ಕನ ಕಾರ್ಡ್ ನಂಬರ್ ಬರೆಯಬೇಕು. ತಿಂಗಳ ನಂತರ ‘ಅವರನ್ನ ಕಳಿಸಿದ್ದು ನಾನs’ ಎಂದು ಇಬ್ಬರು ಬಂದರೆ ಆ ನೆತ್ತಿಯ ನಂಬರೇ ತೀರ್ಮಾನ. ಫೋನ್ ನಂಬರ್ ಬರೆದುಕೊಳ್ಳುವಾಗ ಯಾತಕ್ಕೆ ಎಂದು ಹೇಳಿ, ಒಪ್ಪಿದರಷ್ಟೇ ಬರೆಯಿರಿ.

ಇಲ್ಲಿ ಒಂದು ಗೆರೆ ದಾಟಬಾರದು. ನೀವು ಕರೆತಂದವರು ಮತ್ತೊಬ್ಬರನ್ನು ಕರೆತಂದರೆ ನಿಮಗೂ ಪಾಲು ಎಂಬ ಸರಪಳಿ ಬೇಡವೇ ಬೇಡ. ಸೇರಲು ದುಡ್ಡು ಕಟ್ಟಿಸಿಕೊಂಡು ಹೀಗೆ ಸರಪಳಿ ಬೆಳೆಸಿದರೆ 1978ರ ಪ್ರೈಜ್ ಚಿಟ್ಸ್ ನಿಷೇಧ ಕಾಯ್ದೆಯಡಿ ಅಪರಾಧ. ಒಂದೇ ಮೆಟ್ಟಿಲು, ಸೇರಲು ಶುಲ್ಕವಿಲ್ಲ, ಅಷ್ಟೇ. ಲಕ್ಕಿ ಡ್ರಾದಿಂದಲೂ ದೂರವಿರಿ. ವ್ಯಾಪಾರ ಹೆಚ್ಚಿಸಲು ಲಾಟರಿ ನಡೆಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಇಟ್ಟಿದೆ.

ಸೋರಿಕೆ ಎಲ್ಲಿ?

ಗಿರಾಕಿಯ ಕೈಯ ಕಾರ್ಡ್ ನೆನಪಿಗೆ ಮಾತ್ರ, ಲೆಕ್ಕ ಅಂಗಡಿಯ ಪುಸ್ತಕದಲ್ಲಿ. ಕಾರ್ಡಿನ ಮೇಲೆ ಬರೀ ರಬ್ಬರ್ ಸ್ಟಾಂಪ್ ಒತ್ತುವ ಪದ್ಧತಿಯಾದರೆ ಅಂಥದೇ ಸ್ಟಾಂಪ್ ಮಾಡಿಸುವುದು ಯಾರಿಗೂ ಕಷ್ಟವಲ್ಲ.

ಹೆಚ್ಚಿನ ಸೋರಿಕೆ ಗಲ್ಲಾದ ಒಳಬದಿಯಲ್ಲಿ. ಕಾರ್ಡ್ ಇಲ್ಲದೆ ಬಂದು ಹೋಗುವವರ ಖರೀದಿಯನ್ನು ಹುಡುಗ ತನ್ನ ಅತ್ತೆಯ ನಂಬರಿಗೆ ಬರೆದುಕೊಳ್ಳುತ್ತಾನೆ. ವಾರಕ್ಕೊಮ್ಮೆ ಅತಿ ಹೆಚ್ಚು ಪಾಯಿಂಟ್ ಬಂದ ಐದು ಖಾತೆ ತೆಗೆದು ನೋಡಿ. ಮನೆಯ ಖರೀದಿಗೆ ಒಂದು ಲಯವಿರುತ್ತದೆ: ತಿಂಗಳಿಗೊಂದು ದೊಡ್ಡ ಚೀಟಿ, ನಡುನಡುವೆ ಚಿಲ್ಲರೆ. ಒಂದೇ ನಂಬರಿನಲ್ಲಿ ದಿನಕ್ಕೆ ನಾಲ್ಕು ಸಲ ಬಿಸ್ಕೀಟು, ಶಾಂಪೂ, ಚಹಾಪುಡಿ ಕಂಡರೆ ಅದು ಒಂದು ಮನೆಯದಲ್ಲ. ಹುಡುಗನನ್ನು ಬೈಯುವ ಮೊದಲು ನನ್ನ ಸಲಹೆ, ಅವನಿಗೂ ಒಂದು ಕಾರ್ಡ್ ಕೊಟ್ಟುಬಿಡಿ.

ನಾಲ್ಕನೇ ತಿಂಗಳಿಗೆ ದುಡ್ಡು ತೆಗೆದಿಡಿ

ತಿಂಗಳಿಗೆ 30 ಪಾಯಿಂಟಿನಂತೆ ನೂರು ತುಂಬಲು ಮೂರು ತಿಂಗಳಿಗಿಂತ ಹೆಚ್ಚು ಬೇಕು. ಮೊದಲ ಮೂರು ತಿಂಗಳು ಯಾರೂ ಏನೂ ಕೇಳುವುದಿಲ್ಲ, ಯೋಜನೆ ಪುಕ್ಕಟೆಯಾಗಿ ನಡೆಯುತ್ತಿದೆ ಅನಿಸುತ್ತದೆ. ನಾಲ್ಕನೇ ತಿಂಗಳು 66 ಮನೆಯವರೂ ಒಟ್ಟಿಗೆ ಬಂದರೆ 6,600 ರೂಪಾಯಿಯ ಕಡಿತ. ಆ ತಿಂಗಳು ಮಾಲು ತರಿಸಲು ಕೈಯಲ್ಲಿ ದುಡ್ಡಿಲ್ಲದೆ ಒದ್ದಾಡಿದವರಿದ್ದಾರೆ. ಬರೆದ ಪಾಯಿಂಟ್ ಎಂದರೆ ಅಂಗಡಿಯ ಮೇಲಿನ ಸಾಲ. ತಿಂಗಳ ಕೊನೆಗೆ ಎಷ್ಟು ಪಾಯಿಂಟ್ ಬರೆದಿದ್ದೀರೋ ಅಷ್ಟು ರೂಪಾಯಿ ಬೇರೆ ಡಬ್ಬಿಗೆ ಹಾಕಿ.

ಆರು ತಿಂಗಳ ನಂತರ ಪುಸ್ತಕದಲ್ಲಿ ಎರಡನ್ನೇ ನೋಡಿ: ನೆತ್ತಿಯ ಮೇಲೆ ನಂಬರ್ ಇರುವ ಹೊಸ ಖಾತೆಗಳಲ್ಲಿ ಇನ್ನೂ ಎಷ್ಟು ಓಡುತ್ತಿವೆ, ಮತ್ತು ಹಳೆಯ ಮನೆಗಳ ಚುಕ್ಕಿ ಮಾಲು ಹೆಚ್ಚಿದೆಯೇ. ಓಡುತ್ತಿರುವ ಹೊಸ ಖಾತೆ ಒಂಬತ್ತಕ್ಕಿಂತ ಕಡಿಮೆ ಇದ್ದು, ಹಳಬರ ಚುಕ್ಕಿಯೂ ಮೊದಲಿನಷ್ಟೇ ಇದ್ದರೆ ಯೋಜನೆ ನಿಲ್ಲಿಸಿ. ಒಂದು ತಿಂಗಳು ಮುಂಚೆ ಬೋರ್ಡ್ ಹಾಕಿ, ನೂರು ತುಂಬದಿದ್ದರೂ ಇರುವಷ್ಟು ಪಾಯಿಂಟಿಗೆ ಬೇಳೆ ತೂಗಿ ಕೊಟ್ಟು, ಪ್ರತಿ ಖಾತೆಯ ಮೂರನೇ ಸಾಲಿನ ಕೆಳಗೆ ‘ಚುಕ್ತಾ’ ಎಂದು ಬರೆಸಿ ಸಹಿ ತೆಗೆದುಕೊಳ್ಳಿ.