ಬೆಳಗಿನ ಕಾಫಿ, ರಾತ್ರಿ ಊಟ: ಸಾಮಾನು ಸಾಗಿಸುವ ಲಾರಿಗೆ ನಾನು ಬರೆದ ಒಂದು ಸಾಲು

ಬೆಂಗಳೂರಿನೊಳಗೆ ಮನೆ ಸಾಮಾನು ಸಾಗಿಸುವ ಒಂದು ಪ್ಯಾಕರ್ಸ್ ಅಂಡ್ ಮೂವರ್ಸ್ ಕಂಪನಿಗೆ ಟ್ಯಾಗ್‌ಲೈನ್ ಬರೆದುಕೊಡುವ ಕೆಲಸ ನನಗೆ ಬಂದದ್ದು ಆಷಾಢದ ಆರಂಭದಲ್ಲಿ. ಆ ತಿಂಗಳಲ್ಲಿ ಮನೆ ಬದಲಿಸಲು ಹಲವರು ಒಪ್ಪುವುದಿಲ್ಲವಾದ್ದರಿಂದ ಲಾರಿಗಳಿಗೆ ಬಿಡುವು ಸಿಗುತ್ತದೆ. ಬಣ್ಣ ಹೊಡೆಸುವುದು, ಬೋರ್ಡ್ ಬರೆಸುವುದು ಎಲ್ಲವನ್ನೂ ಅವರು ಆಗಲೇ ಮುಗಿಸಿಕೊಳ್ಳುತ್ತಾರೆ. ಮಾಲೀಕರು ಹೇಳಿದ್ದು ಇಷ್ಟೇ: “ನಮಗೆ ಫೋನ್ ಮಾಡುವವರೆಲ್ಲ ಗಾಬರಿಯಲ್ಲಿರುತ್ತಾರೆ ಸಾರ್. ಆ ಸಾಲು ಓದಿದರೆ ಅವರಿಗೆ ಸ್ವಲ್ಪ ಸಮಾಧಾನ ಆಗಬೇಕು.” ತಾವೇ ಬರೆದಿಟ್ಟುಕೊಂಡಿದ್ದ ಮೂರು ಸಾಲುಗಳನ್ನೂ ತೋರಿಸಿದರು: “ಚಿಂತೆ ಬಿಡಿ, ನಾವಿದ್ದೇವೆ”, “100% ಸುರಕ್ಷಿತ ಸಾಗಣೆ”, “ಒಂದು ಲೋಟವೂ ಒಡೆಯುವುದಿಲ್ಲ”.

ಈ ಮೂರನ್ನೂ ಬೇಡವೆನ್ನಲು ನನಗೆ ಕಾರಣಗಳಿದ್ದವು. ಮೊದಲನೆಯ ಸಾಲನ್ನು ವಿಮೆಯವರೂ ಹೇಳಬಹುದು, ನೀರಿನ ಟ್ಯಾಂಕ್ ತೊಳೆಯುವವರೂ ಹೇಳಬಹುದು. ಎರಡನೆಯದಕ್ಕೆ ಆಧಾರ ತೋರಿಸಬೇಕಾಗುತ್ತದೆ. ದಾರಿತಪ್ಪಿಸುವ ಜಾಹೀರಾತುಗಳ ಕುರಿತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ನಂತರ, ಲೆಕ್ಕ ಕೊಡಲಾಗದ ನೂರು ಶೇಕಡಾ ಭರವಸೆಯನ್ನು ಲಾರಿಯ ಮೇಲೆ ಬರೆಸುವುದು ಜಾಣತನವಲ್ಲ. ಮೂರನೆಯ ಸಾಲಿನ ತೊಂದರೆ ಬೇರೆ ಬಗೆಯದು. ಓದುವವರ ಕಣ್ಣಿಗೆ ಮೊದಲು ಬೀಳುವುದೇ ಲೋಟ ಮತ್ತು ಒಡೆಯುವುದು; ಕೊನೆಗೆ ಬರುವ “ಇಲ್ಲ” ಎಂಬುದನ್ನು ತಲುಪುವಷ್ಟರಲ್ಲಿ ಅಜ್ಜಿ ಕೊಟ್ಟ ಪಿಂಗಾಣಿ ಜಾಡಿ ಮನಸ್ಸಿನಲ್ಲಿ ಆಗಲೇ ಚೂರಾಗಿರುತ್ತದೆ. ಕನ್ನಡದ ವಾಕ್ಯದಲ್ಲಿ ನಿಷೇಧ ಕ್ರಿಯಾಪದದ ತುದಿಗೆ ಬರುವುದರಿಂದ ಈ ಅಪಾಯ ನಮ್ಮಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಸಾಲಿನಲ್ಲಿ “ಇಲ್ಲ”, “ಬೇಡ”, “ಬಿಡಿ” ಇವು ಯಾವುವೂ ಇರಬಾರದೆಂದು ಮೊದಲ ದಿನವೇ ತೀರ್ಮಾನಿಸಿದೆ.

ಗಾಬರಿಗೆ ಮದ್ದು ಬರೆಯುವ ಮೊದಲು ಗಾಬರಿ ಯಾವುದೆಂದು ತಿಳಿಯಬೇಕಿತ್ತು. ಎರಡು ದಿನ ಅವರ ಕಚೇರಿಯಲ್ಲಿ, ಫೋನ್ ಎತ್ತುವ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಕರೆ ಮಾಡಿದವರ ಮಾತುಗಳನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಸಾಮಾನು ಒಡೆದೀತೆಂಬ ಪ್ರಶ್ನೆ ಬಂತು, ಆದರೆ ನಾನೆಣಿಸಿದಷ್ಟು ಬರಲಿಲ್ಲ. ಇಳಿಸುವಾಗ ಹೆಚ್ಚು ಹಣ ಕೇಳುತ್ತಾರೆಂಬ ಭಯ ಹಲವರಿಗಿತ್ತು. ಒಮ್ಮೆ ನನಗೇ, ಬೇರೊಂದು ಕಂಪನಿಯವರು, ಮಹಡಿಗೆ ಲಿಫ್ಟ್ ಇಲ್ಲವೆಂದು ಬಾಗಿಲಲ್ಲಿ ನಿಂತು ಮೂರು ಸಾವಿರ ಹೆಚ್ಚಿಗೆ ಕೇಳಿದ್ದರಿಂದ ಆ ಭಯ ನನಗೆ ಹೊಸದಲ್ಲ. ಆದರೆ ಅದಕ್ಕೆ ಉತ್ತರ ಲಿಖಿತ ಅಂದಾಜುಪಟ್ಟಿಯೇ ಹೊರತು ಘೋಷವಾಕ್ಯವಲ್ಲ. ಇವೆರಡರ ನಡುವೆ, ಬೇರೆ ಬೇರೆ ರೂಪದಲ್ಲಿ, ಮತ್ತೊಂದು ಪ್ರಶ್ನೆ ಮರಳಿ ಮರಳಿ ಬರುತ್ತಿತ್ತು. “ಸಂಜೆಯೊಳಗೆ ಎಲ್ಲ ಆಗುತ್ತಾ?” “ಚಿಕ್ಕ ಮಗು ಇದೆ, ರಾತ್ರಿಗೆ ಏನಾದರೂ ಮಾಡಿಕೊಳ್ಳೋಕಾಗುತ್ತಾ?” “ಅತ್ತೆಯವರು ಹೊರಗಿನದು ತಿನ್ನಲ್ಲ.” ಸಾಮಾನಿನ ಚಿಂತೆಗಿಂತ ಆ ದಿನ ಹೇಗೆ ಮುಗಿದೀತೆಂಬ ಚಿಂತೆಯೇ ಅವರಲ್ಲಿ ದೊಡ್ಡದಿತ್ತು. ನಲವತ್ತು ಡಬ್ಬಗಳ ನಡುವೆ ನಿಂತು, ಯಾವುದರಲ್ಲಿ ಏನಿದೆಯೆಂದು ತಿಳಿಯದೆ, ರಾತ್ರಿ ಒಂಬತ್ತಕ್ಕೆ ಮಗುವಿಗೆ ಹಾಲು ಕಾಯಿಸಲು ಒಂದು ಪಾತ್ರೆ ಸಿಗದ ಸ್ಥಿತಿಯನ್ನು ಅವರು ಮುಂಚೆಯೇ ಕಣ್ಣೆದುರು ತಂದುಕೊಂಡಿದ್ದರು.

ಹಾಗಾದರೆ ರಾತ್ರಿಯ ಬಗ್ಗೆಯೇ ಬರೆಯೋಣವೆಂದು ಹೊರಟು ನಾನು ಸಾಲಾಗಿ ಎಡವಿದೆ. “ಹೊಸ ಮನೆ, ಅದೇ ನಿದ್ದೆ” ಎಂಬುದು ಕಾಗದದ ಮೇಲೆ ಬಹಳ ಚೆನ್ನಾಗಿ ಕಂಡಿತು. ಲಾರಿಯ ಹಿಂಬದಿಯಲ್ಲಿ “ನಿದ್ದೆ” ಎಂದು ಬರೆದರೆ ಹಿಂದೆ ಬರುವವರಿಗೆ ಮೊದಲು ನೆನಪಾಗುವುದು ಡ್ರೈವರ್ ಎಂದು ಮಾಲೀಕರು ನಕ್ಕಾಗ ಅದನ್ನು ಹೊಡೆದುಹಾಕಿದೆ. “ಮೊದಲ ರಾತ್ರಿಯಿಂದಲೇ ನೆಮ್ಮದಿ” ಎಂದು ಬರೆದು, ಗಟ್ಟಿಯಾಗಿ ಓದಿಕೊಂಡು, ಯಾರಿಗೂ ತೋರಿಸದೆ ಹರಿದುಹಾಕಿದೆ. “ಮೊದಲು ಮಂಚ, ಮಿಕ್ಕಿದ್ದು ಆಮೇಲೆ” ಎಂಬುದರ ಗತಿಯೂ ಅದೇ ಆಯಿತು. ಬರೆದ ಸಾಲನ್ನು ಒಮ್ಮೆ ಕಾಲೇಜು ಹುಡುಗರ ಗುಂಪಿನ ಕಿವಿಯಿಂದ ಕೇಳಿಸಿಕೊಳ್ಳುವ ಅಭ್ಯಾಸ ಈ ವೃತ್ತಿಯಲ್ಲಿ ಬಹಳಷ್ಟು ಮರ್ಯಾದೆ ಉಳಿಸುತ್ತದೆ.

ಹಾಲು ಉಕ್ಕಿಸುವ ಸಂಪ್ರದಾಯವನ್ನು ಹಿಡಿದೂ ನೋಡಿದೆ. ಆದರೆ ಹೆಚ್ಚಿನವರು ಮುಹೂರ್ತ ನೋಡಿ, ಸಾಮಾನು ಬರುವುದಕ್ಕೆ ಮುಂಚೆಯೇ ಖಾಲಿ ಮನೆಯಲ್ಲಿ ಹಾಲು ಉಕ್ಕಿಸಿ ಬಂದಿರುತ್ತಾರೆ. ಲಾರಿಗೂ ಆ ಹಾಲಿಗೂ ನೇರ ಸಂಬಂಧವಿರುವುದಿಲ್ಲ. ಗ್ರಾಹಕರಲ್ಲಿ ಆ ಪದ್ಧತಿ ಇಲ್ಲದವರೂ ಬಹಳ ಮಂದಿ.

ದಾರಿ ಸಿಕ್ಕಿದ್ದು ಒಂದು ದಿನ ಲಾರಿಯ ಜೊತೆ ಹೋದಾಗ. ಬನಶಂಕರಿಯಿಂದ ವಿದ್ಯಾರಣ್ಯಪುರಕ್ಕೆ ಎರಡು ಕೋಣೆಯ ಒಂದು ಮನೆಯ ಸಾಮಾನು, ಹದಿನಾಲ್ಕು ಅಡಿಯ ಲಾರಿ, ಐದು ಜನ. ತುಂಬುವ ಕ್ರಮವನ್ನು ಗಮನಿಸಿದೆ. ಫ್ರಿಜ್, ಬೀರು, ವಾಷಿಂಗ್ ಮೆಷಿನ್ ಮೊದಲಾದ ಭಾರದ ವಸ್ತುಗಳು ಡ್ರೈವರ್ ಕ್ಯಾಬಿನ್ನಿನ ಬದಿಗೆ ಒಳಗೆ ಹೋದವು, ಮಂಚದ ಹಲಗೆಗಳು ಗೋಡೆಗೆ ಒರಗಿ ನಿಂತವು, ಹಾಸಿಗೆಗಳು ನಡುವೆ ಮೆತ್ತೆಯಾದವು, ಡಬ್ಬಗಳು ಅವುಗಳ ಮುಂದೆ ಪೇರಿಸಲ್ಪಟ್ಟವು. ಅಡುಗೆಮನೆ ಕಟ್ಟಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ಅವರು ಬೆಳಗ್ಗೆ ಬಂದೊಡನೆ ಕೈಹಾಕುವುದು ಅಲ್ಲಿಗೇ. ಆದ್ದರಿಂದ ಆ ಡಬ್ಬಗಳು ಮೊದಲೇ ಸಿದ್ಧವಾಗಿ, ಮಿಕ್ಕ ಡಬ್ಬಗಳಿಗಿಂತ ಮೊದಲೇ ಲಾರಿ ಸೇರಿ, ಅವುಗಳ ಒಳಬದಿಗೆ ಸಿಕ್ಕಿಕೊಳ್ಳುತ್ತವೆ. ಲಾರಿಯಲ್ಲಿ ಮೊದಲು ಹೋದದ್ದು ಕೊನೆಗೆ ಇಳಿಯುತ್ತದೆ. ಅಂದು ಸಂಜೆ ಒಲೆಯ ಡಬ್ಬ ಕೆಳಗಿಳಿದದ್ದು ಏಳೂವರೆಗೆ. ಮನೆಯವರು ಆಗಲೇ ಹೋಟೆಲಿಗೆ ಹೊರಟಿದ್ದರು.

ಮರುದಿನ ಮೇಲ್ವಿಚಾರಕರನ್ನು ಕೇಳಿದೆ: “ಒಂದೇ ಒಂದು ಡಬ್ಬವನ್ನು ಕೊನೆಯಲ್ಲಿ ಕಟ್ಟಿ, ಕೊನೆಯಲ್ಲಿ ಹತ್ತಿಸಲು ಏನು ಕಷ್ಟ?” ಕಷ್ಟವೇನೂ ಇಲ್ಲ, ಯಾರೂ ಕೇಳಿಲ್ಲ ಎಂದರು. ಒಲೆ, ಕುಕ್ಕರ್, ಹಾಲಿನ ಪಾತ್ರೆ, ಕಾಫಿ ಫಿಲ್ಟರ್, ಒಂದು ಬಾಣಲೆ, ನಾಲ್ಕು ತಟ್ಟೆ, ನಾಲ್ಕು ಲೋಟ, ಅಕ್ಕಿ, ಬೇಳೆ, ಉಪ್ಪು, ಲೈಟರ್. ಮನೆಯವರು ಬೆಳಗ್ಗೆ ಇವುಗಳಲ್ಲೇ ಕಾಫಿ ಮಾಡಿಕೊಳ್ಳಬಹುದು. ಮಿಕ್ಕ ಅಡುಗೆಮನೆ ಎಂದಿನಂತೆ ಮೊದಲೇ ಕಟ್ಟಿಹೋಗಲಿ. ಕೊನೆಯಲ್ಲಿ ಹತ್ತಿದ್ದು ಬಾಗಿಲ ಬಳಿಯೇ ಇರುತ್ತದೆ, ಹೊಸ ಮನೆಯಲ್ಲಿ ಮೊದಲು ಇಳಿಯುತ್ತದೆ. ಮೂರು ಮನೆಗಳಲ್ಲಿ ಹಾಗೆ ಮಾಡಿ ನೋಡಿದರು. ಲಾರಿ ತಡವಾಗಿ ತಲುಪಿದ ಒಂದು ಮನೆಯಲ್ಲೂ, ಬೀರು ಇನ್ನೂ ಲಾರಿಯಲ್ಲಿರುವಾಗಲೇ, ಅಡುಗೆಕಟ್ಟೆಯ ಮೇಲೆ ಕುಕ್ಕರ್ ಕೂಗುತ್ತಿತ್ತಂತೆ.

ಸಾಲು ಆಮೇಲೆ ತಾನಾಗಿಯೇ ಬಂತು:

“ಬೆಳಗಿನ ಕಾಫಿ ಹಳೆ ಮನೆಯಲ್ಲಿ, ರಾತ್ರಿ ಊಟ ಹೊಸ ಮನೆಯಲ್ಲಿ.”

ಇದರಲ್ಲಿ ಭಯದ ಹೆಸರಿಲ್ಲ, ಸಾಮಾನಿನ ಹೆಸರೂ ಇಲ್ಲ. ಕಾಫಿಗೂ ಊಟಕ್ಕೂ ನಡುವೆ ಏನೇನು ನಡೆಯುತ್ತದೆಯೆಂದು ಓದುಗರಿಗೆ ಗೊತ್ತೇ ಇದೆ. ಅದಕ್ಕೆ ಒಂದು ಆರಂಭವೂ ಒಂದು ಮುಕ್ತಾಯವೂ ಇದೆಯೆಂದು ತೋರಿಸಿದರೆ ಸಾಕೆಂಬುದು ನನ್ನ ಲೆಕ್ಕವಾಗಿತ್ತು. “ಮನೇಲಿ” ಎಂದು ಆಡುಮಾತಿನಲ್ಲಿ ಬರೆಯುವ ಆಸೆಯಿತ್ತು, ಆದರೆ ಧಾರವಾಡದ ಕಡೆಯವರು “ಮನ್ಯಾಗ” ಎನ್ನುತ್ತಾರೆ, ಬೆಂಗಳೂರಿನಲ್ಲಿ ಅವರೂ ಮನೆ ಬದಲಿಸುತ್ತಾರೆ. ಆದ್ದರಿಂದ ಬರಹದ ರೂಪವನ್ನೇ ಉಳಿಸಿದೆ. “ಹಳೆಯ” ಎಂಬಲ್ಲಿ ಮಾತ್ರ “ಯ” ಬಿಟ್ಟೆ, ಅದು ಲಯವನ್ನು ಕುಂಟಿಸುತ್ತಿತ್ತು.

ಮಾಲೀಕರಿಗೆ ಒಂದು ಗಟ್ಟಿ ಆಕ್ಷೇಪವಿತ್ತು. ಬೆಂಗಳೂರಿನಿಂದ ಹೈದರಾಬಾದಿಗೋ ಪುಣೆಗೋ ಹೋಗುವ ಸಾಮಾನಿಗೆ ಈ ಮಾತು ಸುಳ್ಳಾಗುತ್ತದೆ. ನಿಜ. ಅವರಿಗೆ ಬರುವ ಕೆಲಸದಲ್ಲಿ ಹೆಚ್ಚಿನ ಪಾಲು ನಗರದೊಳಗಿನದೇ ಆದ್ದರಿಂದ, ಸಾಲಿನ ಕೆಳಗೆ ಚಿಕ್ಕದಾಗಿ “ಬೆಂಗಳೂರಿನೊಳಗೆ” ಎಂದು ಸೇರಿಸಿ, ಹೊರ ಊರಿಗೆ ಹೋಗುವ ಲಾರಿಗಳ ಮೇಲೆ ಬರೀ ಹೆಸರು ಬರೆಸುವುದೆಂದು ಒಪ್ಪಿಕೊಂಡೆವು. ಬೃಹತ್ ಮನೆ, ಐದು ಕೋಣೆ, ಎರಡು ಲಾರಿಯ ಸಾಮಾನಾದರೂ ಆ ಒಂದು ಡಬ್ಬದ ಮಾತು ನಡೆಯುತ್ತದೆ, ಏಕೆಂದರೆ ನಾವು ಇಡೀ ಮನೆ ಜೋಡಿಸಿಕೊಡುವ ಮಾತು ಕೊಟ್ಟಿಲ್ಲ.

ಪರೀಕ್ಷೆ ಮಾಡುವಾಗ “ಚೆನ್ನಾಗಿದೆಯಾ?” ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಸಾಲನ್ನು ಚೀಟಿಯಲ್ಲಿ ಬರೆದು, ಮೂರು ಎಣಿಸುವಷ್ಟು ಹೊತ್ತು ತೋರಿಸಿ, ಮುಚ್ಚಿ, ಇವರು ಏನು ಮಾಡುವವರೆಂದು ಕೇಳಿದೆ. ಹಿಂದಿನ ವಾಹನದವರಿಗೆ ಓದಲು ಸಿಗುವುದು ಹೆಚ್ಚೆಂದರೆ ಅಷ್ಟೇ ಹೊತ್ತು. ಹೆಚ್ಚಿನವರು ಮನೆ ಶಿಫ್ಟಿಂಗ್ ಎಂದರು. ಇಬ್ಬರು ಮಾತ್ರ “ಊಟನೂ ಅವರೇ ಕೊಡ್ತಾರಾ?” ಎಂದು ಕೇಳಿದರು. ಅದನ್ನು ಕೇಳಿ ಎದೆ ಧಸಕ್ಕೆಂದರೂ, ಕಂಪನಿಯ ಹೆಸರಿನ ಪಕ್ಕದಲ್ಲೇ “ಮನೆ ಸಾಮಾನು ಸಾಗಣೆ” ಎಂದು ದಪ್ಪಕ್ಷರದಲ್ಲಿ ಹಾಕಿ ಮತ್ತೆ ತೋರಿಸಿದಾಗ ಆ ಗೊಂದಲ ಕಾಣಿಸಲಿಲ್ಲ.

ಬೋರ್ಡ್ ಬರೆಯುವವರು ಸಾಲನ್ನು ಅಲ್ಪವಿರಾಮದಲ್ಲಿ ಮುರಿದು, ಕಾಫಿಯ ಕೆಳಗೆ ಊಟ, ಹಳೆ ಮನೆಯ ಕೆಳಗೆ ಹೊಸ ಮನೆ ಬರುವಂತೆ ಎರಡು ಸಾಲಾಗಿ ಬರೆದರು. ಒತ್ತಕ್ಷರ ಕಡಿಮೆಯಿದ್ದುದರಿಂದ ಅಕ್ಷರಗಳನ್ನು ದೊಡ್ಡದಾಗಿ ಬರೆಯಲು ಸಾಧ್ಯವಾಯಿತು.

ಶ್ರಾವಣದ ಮೊದಲ ವಾರದಲ್ಲೇ ಮೇಲ್ವಿಚಾರಕರ ಫೋನ್ ಬಂತು. ಡಬ್ಬ ಮೊದಲು ಇಳಿದಿದೆ, ಒಲೆ ಕಟ್ಟೆಯ ಮೇಲಿದೆ, ಆದರೆ ಸಿಲಿಂಡರ್ ಇಲ್ಲ. ತುಂಬಿದ ಸಿಲಿಂಡರನ್ನು ಕಂಪನಿಯವರು ಲಾರಿಯಲ್ಲಿ ಹಾಕಿಕೊಳ್ಳುವುದಿಲ್ಲ, ಗ್ರಾಹಕರೇ ತರಬೇಕು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮನೆಯಾಕೆ ಲಾರಿಯ ಮೇಲಿನ ಸಾಲನ್ನು ತೋರಿಸಿ, “ಹಾಗಾದರೆ ಇದೇನು?” ಎಂದು ಕೇಳಿದ್ದರು. ಆ ರಾತ್ರಿ ಮಾಲೀಕರು ತಮ್ಮ ಮನೆಯಿಂದ ಇಂಡಕ್ಷನ್ ಒಲೆಯನ್ನೂ ಅದಕ್ಕೊಪ್ಪುವ ಒಂದು ಪಾತ್ರೆಯನ್ನೂ ಕಳುಹಿಸಿದರು. ಮರುದಿನದಿಂದ, ಸಾಗಣೆಯ ಹಿಂದಿನ ದಿನ ಮಾಡುವ ಖಾತರಿ ಕರೆಯಲ್ಲಿ ಫೋನಿನ ಹುಡುಗಿ ಎರಡು ಪ್ರಶ್ನೆಗಳನ್ನು ಕಡ್ಡಾಯವಾಗಿ ಕೇಳುತ್ತಾಳೆ: ಸಿಲಿಂಡರ್ ಹೇಗೆ ತರುತ್ತೀರಿ, ಹೊಸ ಮನೆಯಲ್ಲಿ ಪೈಪ್ ಗ್ಯಾಸ್ ಇದೆಯೇ. ಪೈಪ್ ಗ್ಯಾಸ್ ಇದ್ದರೆ ಸಿಲಿಂಡರಿನ ಒಲೆಗೆ ನಾಝಲ್ ಬದಲಿಸದೆ ಅಡುಗೆಯಾಗುವುದಿಲ್ಲವಾದ್ದರಿಂದ, ಅಂಥ ಮನೆಗಳಿಗೆ ಹೋಗುವ ಲಾರಿಯಲ್ಲಿ ಈಗ ಆ ಇಂಡಕ್ಷನ್ ಒಲೆಯೂ ಹೋಗುತ್ತದೆ.