ಕಪ್ಪು ಕೂದಲಿಗೆ ಕೋಡ್‌ನಲ್ಲೇ ಬಣ್ಣ: 212 ಫೋಟೋ, ನಾಲ್ಕು ಶೇಡ್, ಒಂದು ಮಲ್ಲಿಗೆ ದಂಡೆ

"ಕೂದಲು ಕೋಡಿಗೆಲ್ಲ ಬಗ್ಗೋದಿಲ್ಲ ಕಣೋ, ಸುಮ್ನೆ ನನಗೆ ಕೊಡು" ಅಂದಿದ್ದ ಫೋಟೋಶಾಪ್ ಮಾಡುವ ನನ್ನ ಗೆಳೆಯ. ಒಂದು ಫೋಟೋಗೆ ಐವತ್ತು ರೂಪಾಯಿ ಅವನ ರೇಟು. ಮೈಸೂರಿನ ಬ್ಯೂಟಿ ಪಾರ್ಲರ್ ಒಂದರ ಮೇಡಂ ನನಗೆ ಕೊಡಲು ಒಪ್ಪಿದ್ದು ಹದಿನೆಂಟು. ಅವರ ಗ್ರಾಹಕರು ಒಪ್ಪಿ ತೆಗೆಸಿಕೊಂಡ 212 ಫೋಟೋಗಳು, ಪ್ರತಿಯೊಂದಕ್ಕೂ ಬರ್ಗಂಡಿ, ಕಾಪರ್, ಕಂದು, ನೀಲಿ. ಹೀಗೆ 848 ಫೋಟೋ, ಒಟ್ಟು ಹದಿನೈದು ಸಾವಿರದ ಕೆಲಸ, ಮೂರು ಸಾವಿರ ಅಡ್ವಾನ್ಸ್. ಕೈಯಲ್ಲಿ ಮಾಡಿದರೆ ನನಗೇ ನಷ್ಟ. ಹಾಗಾಗಿ ಪೈಥಾನ್.

ಮೊದಲ ದಿನವೇ ಮುಖಭಂಗ. ಎಲ್ಲರೂ ಹೇಳುವ ಹಾಗೆ ಕೂದಲಿರುವ ಜಾಗ ಗುರುತಿಸುವ ಮಾಸ್ಕ್ ಮಾಡಿಕೊಂಡೆ, ಫೋಟೋವನ್ನು ಹ್ಯೂ ಎಂಬ ಬಣ್ಣ, ಸ್ಯಾಚುರೇಶನ್ ಎಂಬ ಗಾಢತೆ, ವ್ಯಾಲ್ಯೂ ಎಂಬ ಬೆಳಕು ಎಂದು ಬಿಡಿಸುವ ಎಚ್‌ಎಸ್‌ವಿಗೆ ಬದಲಿಸಿ ಹ್ಯೂ ಮಾತ್ರ ತಿರುಗಿಸಿದೆ. ಏನೂ ಆಗಲಿಲ್ಲ! ಕೂದಲು ಕಪ್ಪಾಗಿಯೇ ಕೂತಿತ್ತು. ಇಂಟರ್‌ನೆಟ್‌ನಲ್ಲಿ ಸಿಗುವ ಉದಾಹರಣೆಗಳಲ್ಲಿ ಹೆಚ್ಚಾಗಿ ಹೊಂಬಣ್ಣದ ಕೂದಲು. ನಮ್ಮವರ ಕೂದಲಲ್ಲಿ ಹೊಳಪಿರುವ ಜಾಗ ಬಿಟ್ಟರೆ ವ್ಯಾಲ್ಯೂ 255ಕ್ಕೆ ಹೆಚ್ಚಾಗಿ ಇಪ್ಪತ್ತರಿಂದ ಅರವತ್ತರ ಒಳಗೇ ಇರುತ್ತದೆ. ಅಷ್ಟು ಕತ್ತಲಲ್ಲಿ ಹ್ಯೂ ಯಾವುದಿದ್ದರೇನು, ಕಣ್ಣಿಗೆ ಕಾಣುವುದು ಕಪ್ಪೇ. ಅಸಲಿ ಪಾರ್ಲರ್‌ನಲ್ಲೂ ಕಪ್ಪು ಕೂದಲನ್ನು ಮೊದಲು ಬ್ಲೀಚ್ ಮಾಡುತ್ತಾರೆ ಅಲ್ವಾ? ಇಲ್ಲೂ ಅದೇ. ಮೊದಲು ವ್ಯಾಲ್ಯೂ ಎತ್ತಬೇಕು, ಆಮೇಲೆ ಬಣ್ಣ. ಇದು ಹೊಳೆಯಲು ನನಗೆ ಎರಡು ರಾತ್ರಿ ಬೇಕಾಯಿತು.

ಮಾಸ್ಕಿನ ಕಥೆ ಹೇಳಿಬಿಡುತ್ತೇನೆ. ಮೊದಲು ಹಿಡಿದದ್ದು ಮುಖದ ಭಾಗಗಳನ್ನು ಬೇರೆಬೇರೆ ಗುರುತಿಸುವ ಬೈಸೆನೆಟ್ ಫೇಸ್ ಪಾರ್ಸಿಂಗ್ ಮಾಡೆಲ್, ಕೂದಲು ಅದರಲ್ಲಿ 17ನೇ ಕ್ಲಾಸ್. ಅದಕ್ಕಾಗಿ ಜಿಪಿಯು ಬಾಡಿಗೆಗೆ ಹಿಡಿದು ಎರಡು ಸಾವಿರ ಚಿಲ್ಲರೆ ಕಳೆದೆ. ಆಮೇಲೆ ಲೈಸೆನ್ಸ್ ಓದಿದೆ: ಅದನ್ನು ಟ್ರೇನ್ ಮಾಡಿದ ಸೆಲೆಬ್‌ಎ ಮಾಸ್ಕ್ ಡೇಟಾಸೆಟ್ ವ್ಯಾಪಾರದ ಕೆಲಸಕ್ಕಲ್ಲ. ಓದುವುದನ್ನು ಮೊದಲೇ ಮಾಡಿದ್ದರೆ ದುಡ್ಡು ಉಳಿಯುತ್ತಿತ್ತು. ಅದನ್ನು ಬಿಟ್ಟು ಮೀಡಿಯಾಪೈಪ್‌ನ ಸೆಲ್ಫಿ ಮಲ್ಟಿಕ್ಲಾಸ್ ಮಾಡೆಲ್ ತಗೊಂಡೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಜಿಪಿಯು ಬೇಡ.

ಅದರ ಕೊರತೆ ಒಂದೇ. ಅದು ಫೋಟೋವನ್ನು 256×256ಕ್ಕೆ ಕುಗ್ಗಿಸಿ ನೋಡುತ್ತದೆ. ನಾಲ್ಕು ಸಾವಿರ ಪಿಕ್ಸೆಲ್ ಅಗಲದ ಫೋಟೋದಲ್ಲಿ ಅದರ ಒಂದು ಚುಕ್ಕೆ ಅಂದರೆ ನಮ್ಮ ಹದಿನಾರು ಪಿಕ್ಸೆಲ್. ಅಂಚು ಕತ್ತರಿಯಲ್ಲಿ ಕತ್ತರಿಸಿದ ರಟ್ಟಿನ ಹಾಗೆ ಬರುತ್ತದೆ. ಹಾಗಾಗಿ ಎರಡು ಸಲ ಓಡಿಸಿದೆ. ಮೊದಲ ಸಲ ಕೂದಲು ಎಲ್ಲಿದೆ ಅಂತ ತಿಳಿಯಲು. ಆ ಜಾಗವನ್ನು ಸುತ್ತ ಸ್ವಲ್ಪ ಬಿಟ್ಟು ಕತ್ತರಿಸಿ ಎರಡನೇ ಸಲ. ಪ್ರತಿ ಪಿಕ್ಸೆಲ್ ಕೂದಲಾಗಿರುವ ಸಂಭವ ಎಷ್ಟೆಂದು ಹೇಳುವ ಕಾನ್ಫಿಡೆನ್ಸ್ ಮಾಸ್ಕನ್ನು 0 ಅಥವಾ 1 ಮಾಡದೆ ಹಾಗೇ ಇಟ್ಟು, ಮೂಲ ಫೋಟೋವನ್ನೇ ಗೈಡ್ ಮಾಡಿ, ಮಾಸ್ಕಿನ ಅಂಚನ್ನು ಫೋಟೋದ ಅಂಚಿಗೆ ಹೊಂದಿಸುವ ಗೈಡೆಡ್ ಫಿಲ್ಟರ್ ಕೊಟ್ಟೆ. ಹಾರಾಡುವ ಎಳೆಗಳು ಮುಕ್ಕಾಲು ಪಾಲು ಉಳಿದವು.

ಇಲ್ಲೊಂದು ಮೂರ್ಖತನ. ಸುಮಾರು ಅರುವತ್ತು ಫೋಟೋಗಳಲ್ಲಿ ಬಣ್ಣ ಕೂದಲಿಗೆ ಬೀಳದೆ ಭುಜಕ್ಕೆ, ಹಿಂದಿನ ಗೋಡೆಗೆ ಬೀಳುತ್ತಿತ್ತು. ಮಾಡೆಲ್ಲನ್ನು ಬೈದೆ. ತಪ್ಪು ನನ್ನದೇ. ಮಾಸ್ಕಿಗೆ ಪಿಲ್ಲೋದಲ್ಲಿ ಫೋಟೋ ತೆರೆಯುತ್ತಿದ್ದೆ, ಬಣ್ಣಕ್ಕೆ ಓಪನ್‌ಸಿವಿಯ `cv2.imread`ನಲ್ಲಿ. ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ಫೋಟೋವನ್ನು ಓಪನ್‌ಸಿವಿ ಫೋಟೋ ಜೊತೆಗಿರುವ ಎಕ್ಸಿಫ್ ಮಾಹಿತಿ ನೋಡಿ ತಾನೇ ತಿರುಗಿಸುತ್ತದೆ, ಪಿಲ್ಲೋ ತಿರುಗಿಸುವುದಿಲ್ಲ. ಎರಡಕ್ಕೂ ಓಪನ್‌ಸಿವಿಯನ್ನೇ ಬಳಸಿದೆ, ಮುಗೀತು.

ಮುಖ್ಯ ಭಾಗ ಇಷ್ಟೇ, `m` ಅಂದರೆ ಮೃದುವಾದ ಮಾಸ್ಕ್:

```python
img = cv2.imread(p).astype(np.float32) / 255
h, s, v = cv2.split(cv2.cvtColor(img, cv2.COLOR_BGR2HSV))
lo, hi = np.percentile(v[m > 0.8], (2, 98))
t = np.clip((v - lo) / (hi - lo), 0, 1).astype(np.float32)
v2 = 0.10 + 0.45 * t ** 0.8
s2 = 0.75 * (1 - 0.6 * t ** 3)
h2 = np.full_like(v, 344)
new = cv2.cvtColor(cv2.merge([h2, s2, v2]), cv2.COLOR_HSV2BGR)
a = m[..., None]
out = a * new + (1 - a) * img
```

ಫ್ಲೋಟ್‌ನಲ್ಲಿ ಹ್ಯೂ 0ರಿಂದ 360, ಎಂಟು ಬಿಟ್‌ನಂತೆ 179ಕ್ಕೆ ನಿಲ್ಲುವುದಿಲ್ಲ, ಮರೆಯಬೇಡಿ. `s2` ಸಾಲು ನನಗೆ ಹೆಮ್ಮೆಯದು. ಹೊಳಪಿರುವ ಕಡೆ ಬಣ್ಣ ತೆಳುವಾಗಬೇಕು, ಇಲ್ಲದಿದ್ದರೆ ಕೂದಲು ಪ್ಲಾಸ್ಟಿಕ್ ವಿಗ್ ಆಗುತ್ತದೆ. ಕೊನೆಯ ಸಾಲಿನ ಬೆರಕೆ ನೀಲಿ-ಹಸಿರು-ಕೆಂಪಿನ ಬಿಜಿಆರ್‌ನಲ್ಲೇ ಆಗಬೇಕು. ಮೊದಲು ನಾನು ಎಚ್‌ಎಸ್‌ವಿಯಲ್ಲೇ ಬೆರೆಸಿದ್ದೆ, ಹಣೆಯ ಅಂಚಿಗೆಲ್ಲ ಹಸಿರು ಗೆರೆ ಬಂತು. ಚರ್ಮದ ಹ್ಯೂ ಇಪ್ಪತ್ತು, ಬರ್ಗಂಡಿ 344, ಅರ್ಧರ್ಧ ಬೆರೆಸಿದರೆ 182. ಎರಡು ಕೆಂಪಿನ ನಡುವೆ ತಿಳಿನೀಲಿ-ಹಸಿರು! ಮೇಡಂ ನೋಡಿ "ಇದೇನ್ರೀ, ಪಾಚಿ ಕಟ್ಟಿದೆ" ಅಂದರು.

`v2`ನ ಗುಣಕ ಶೇಡಿಗೆ ಒಂದೊಂದು. ವ್ಯಾಲ್ಯೂ ಒಂದೇ ಇದ್ದರೂ ನೀಲಿ ಕಣ್ಣಿಗೆ ಕಾಪರ್‌ಗಿಂತ ತುಂಬಾ ಕಪ್ಪಾಗಿ ಕಾಣುತ್ತದೆ. ಕಾಪರ್‌ಗೆ ಅರ್ಧ ಸಾಕಾದರೆ ನೀಲಿಗೆ 0.7ರ ಹತ್ತಿರ ಹೋದೆ. ಲ್ಯಾಬ್‌ ಎಂಬ ಇನ್ನೊಂದು ಬಣ್ಣ ಪದ್ಧತಿಯಲ್ಲೂ ಒಂದು ಭಾನುವಾರ ಆಡಿ ನೋಡಿದೆ. ನೀಲಿ ಅಲ್ಲಿ ಚೆನ್ನಾಗಿ ಬಂತು, ಉಳಿದ ಮೂರಕ್ಕೆ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ.

ನಿಜವಾದ ಕಾಟ ಮಲ್ಲಿಗೆಯದು. ಇಪ್ಪತ್ತೈದು ಮೂವತ್ತು ಜನ ಹೂ ಮುಡಿದು ಬಂದಿದ್ದರು. ಎಷ್ಟೋ ಫೋಟೋಗಳಲ್ಲಿ ಮಾಸ್ಕ್ ಹೂವನ್ನೂ ಕೂದಲೆಂದೇ ನುಂಗಿತ್ತು. ಬರ್ಗಂಡಿ ಮಲ್ಲಿಗೆ ಯಾವ ಊರಲ್ಲಿದೆ? ಕನಕಾಂಬರ ಸುಲಭ, ಅದರ ಸ್ಯಾಚುರೇಶನ್ ಜಾಸ್ತಿ, ಕೂಡಲೇ ಸಿಗುತ್ತದೆ. ಮಲ್ಲಿಗೆ ಅಂದರೆ ವ್ಯಾಲ್ಯೂ ಹೆಚ್ಚು, ಸ್ಯಾಚುರೇಶನ್ ಕಡಿಮೆ. ಫ್ಲ್ಯಾಶ್ ಹೊಳಪೂ ಹಾಗೆಯೇ, ಬಿಳಿ ಕೂದಲೂ ಹಾಗೆಯೇ. ಸಂಖ್ಯೆಯಲ್ಲಿ ಮೂರೂ ಒಂದೇ, ಆಕಾರದಲ್ಲಿ ಬೇರೆ. ಹೊಳಪು ಮತ್ತು ಬಿಳಿ ಎಳೆ ತೆಳು ಗೀಟು, ಮೊಗ್ಗು ದುಂಡು. ಆ ಬಿಳಿ ಪಿಕ್ಸೆಲ್‌ಗಳಿಗೆ ಮಾರ್ಫಾಲಜಿ ಓಪನಿಂಗ್ ಕೊಟ್ಟೆ, ಕರ್ನಲ್ ಹದಿನೈದರ ಆಸುಪಾಸು. ಗೀಟುಗಳು ಅಳಿಸಿಹೋಗಿ ಮೊಗ್ಗು ಮಾತ್ರ ಉಳಿದವು. ಸ್ವಲ್ಪ ಹಿಗ್ಗಿಸಿ ಮಾಸ್ಕಿನಿಂದ ಕಳೆದೆ. ದಂಡೆ ಬೆಳ್ಳಗೆ ಉಳಿಯಿತು.

ಆದರೆ ಕಿವಿ ಪಕ್ಕ ಪೂರ್ತಿ ನರೆತವರಲ್ಲಿ ಆ ಜಾಗವೂ ಹೂವಾಗಿ ಬಿಟ್ಟುಹೋಯಿತು, ಡೈ ಅರ್ಧಕ್ಕೆ ನಿಲ್ಲಿಸಿದ ಹಾಗೆ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ. ಹೇಳುವುದಿಲ್ಲ, ಮುಂದಿನ ಪಾರ್ಲರ್ ಕೆಲಸ ಅದರ ಮೇಲೇ ನಿಂತಿದೆ. ಇನ್ನೊಂದನ್ನು ಬೇಕಾದರೆ ಹೇಳುತ್ತೇನೆ: ಹುಬ್ಬಿಗೂ ಅದೇ ಬಣ್ಣವನ್ನು ಮೂರನೇ ಒಂದು ಭಾಗ ಕೊಡಿ. ಮೊದಲು ನನ್ನ ಫೋಟೋದಲ್ಲೇ ನೋಡಿದೆ, ಜೋಶಲ್ಲಿ ಮೀಸೆಗೂ ಕೊಟ್ಟೆ, ಮನೆಯವಳು ಇನ್ನೂ ನಗುತ್ತಿದ್ದಾಳೆ.

ಹಾಳಾಗುವ ಫೋಟೋ ಯಾವುದೆಂದು ಮೊದಲೇ ಗೊತ್ತಾಗುತ್ತದೆ. `hi - lo`, ಅಂದರೆ ಕೂದಲಿನ ಬೆಳಕು-ಕತ್ತಲಿನ ಅಂತರ, 0.15ಕ್ಕಿಂತ ಕಡಿಮೆ ಇದ್ದರೆ ಕೂದಲಲ್ಲಿ ಹಿಗ್ಗಿಸಲು ಏನೂ ಇಲ್ಲ. ಎಳೆದರೆ ಜೆಪೆಗ್‌ನ ಎಂಟೆಂಟು ಪಿಕ್ಸೆಲ್ ಚೌಕಗಳು ತಲೆ ಮೇಲೆ ಹಂಚು ಹೊದಿಸಿದಂತೆ ಎದ್ದು ಕಾಣುತ್ತವೆ. ಅಂಥವನ್ನು ಬೇರೆ ಫೋಲ್ಡರಿಗೆ ಹಾಕಿದೆ. ಕಪ್ಪು ಬ್ಲೌಸಿನ ಮೇಲೆ ಬಿಚ್ಚುಗೂದಲು ಬಿಟ್ಟವರದ್ದೂ ಅಲ್ಲಿಗೇ, ಅಲ್ಲಿ ಮಾಸ್ಕ್ ಕೂದಲೆಲ್ಲಿ ಬಟ್ಟೆಯೆಲ್ಲಿ ಅಂತ ತಡವರಿಸುತ್ತದೆ.

ಕೊನೆಗೆ ಆ ಫೋಲ್ಡರಿನಲ್ಲಿ ಉಳಿದದ್ದು ಒಂಬತ್ತು ಜನ, ಮೂವತ್ತಾರು ಫೋಟೋ. ಗೆಳೆಯನಿಗೇ ಕಳಿಸಿದೆ, ಅವನ ರೇಟಿಗೇ, ಸಾವಿರದ ಎಂಟುನೂರು. ಹಣ ಹಾಕಿದ ಮೇಲೆ ಫೋನ್ ಮಾಡಿ ಕೇಳಿದ: "ಆ ಮಲ್ಲಿಗೆ ಮಾಸ್ಕ್ ನನಗೂ ಕೊಡ್ತೀಯಾ?"